612ಕ್ಕೆ ಮುಳ್ಳು ನಿಂತಾಗ

ಬೆಂಗಳೂರು ಆಕಾಶವಾಣಿಯ ಮಧ್ಯಮ ತರಂಗ 612 ಕಿಲೋಹರ್ಟ್ಸ್. ಹಳೆಯ ರೇಡಿಯೊದಲ್ಲಿ ಅದನ್ನು ಹಿಡಿಯುವುದು ಒಂದು ಸುರುಳಿ ಮತ್ತು ಗುಂಡಿಯೊಂದಿಗೆ ತಿರುಗುವ ಕಂಡೆನ್ಸರ್. ಸುರುಳಿ 300 ಮೈಕ್ರೊಹೆನ್ರಿಯದಾದರೆ, ಕಂಡೆನ್ಸರ್ ಸುಮಾರು 225 ಪಿಕೊಫ್ಯಾರಡ್‌ಗೆ ಬಂದಾಗ ಆ ಆವೃತ್ತಿಗೆ ಎರಡೂ ಒಡ್ಡುವ ತಡೆ ಸಮನಾಗುತ್ತದೆ: ಸುಮಾರು 1150 ಓಮ್. ಇದೇ ಅನುರಣನ.

ಸರಣಿಯಲ್ಲಿ ಜೋಡಿಸಿದರೆ ಈ ಎರಡು ತಡೆಗಳು ಒಂದನ್ನೊಂದು ಅಳಿಸಿಹಾಕಿ, ತಂತಿಯ ರೋಧವಷ್ಟೇ ಉಳಿದು, ಪ್ರವಾಹ ಗರಿಷ್ಠವಾಗುತ್ತದೆ. ಸಮಾಂತರದಲ್ಲಿ ತದ್ವಿರುದ್ಧ: ಶಕ್ತಿ ಸುರುಳಿ–ಕಂಡೆನ್ಸರ್‌ಗಳ ನಡುವೆಯೇ ಓಡಾಡುತ್ತದೆ, ಹೊರಗಿನಿಂದ ನೋಡಿದರೆ ತಡೆ ಅತಿ ಹೆಚ್ಚು. ರೇಡಿಯೊ ಬಳಸುವುದು ಸಾಮಾನ್ಯವಾಗಿ ಇದನ್ನೇ.

ಆದರೆ ನಿಲ್ದಾಣ ಎಷ್ಟು ಸ್ಪಷ್ಟವಾಗಿ ಬೇರ್ಪಡುತ್ತದೆ ಎಂಬುದನ್ನು ನಿರ್ಧರಿಸುವುದು ನಷ್ಟ. ಸುರುಳಿಯ ರೋಧ 17 ಓಮ್ ಇದ್ದರೆ, 1150ನ್ನು 17ರಿಂದ ಭಾಗಿಸಿ ಸಿಗುವ ಸುಮಾರು 68 ಗುಣಾಂಕ 'ಕ್ಯೂ'. 612ನ್ನು 68ರಿಂದ ಭಾಗಿಸಿದರೆ 9 ಕಿಲೋಹರ್ಟ್ಸ್; ಇದು ಪಟ್ಟಿಯಗಲ. ನಮ್ಮಲ್ಲಿ ಮಧ್ಯಮ ತರಂಗದ ನಿಲ್ದಾಣಗಳ ಅಂತರವೂ 9. ಕ್ಯೂ 200ಕ್ಕೆ ಏರಿದರೆ ಪಟ್ಟಿ 3ಕ್ಕೆ ಕುಗ್ಗುತ್ತದೆ. ಹೆಚ್ಚು ಸ್ಥಾಯಿಯ ಸ್ವರಗಳು ಕ್ಷೀಣಿಸಿ ಮಾತು ಮಂಕಾಗುತ್ತದೆ. ಕ್ಯೂ 20ಕ್ಕೆ ಇಳಿದರೆ ಪಕ್ಕದ ನಿಲ್ದಾಣ ನುಸುಳುತ್ತದೆ.

ಇನ್ನೊಂದು ತೊಡಕಿದೆ. ಅದೇ ಕ್ಯೂ 68 ಇದ್ದರೂ 1530 ಕಿಲೋಹರ್ಟ್ಸ್‌ನಲ್ಲಿ ಪಟ್ಟಿ 22ನ್ನು ದಾಟುತ್ತದೆ. ಹಾಗಾಗಿಯೇ ಸೂಪರ್‌ಹೆಟರೊಡೈನ್ ರೇಡಿಯೊಗಳು ಪ್ರತಿ ನಿಲ್ದಾಣವನ್ನೂ ಸಾಮಾನ್ಯವಾಗಿ 455 ಕಿಲೋಹರ್ಟ್ಸ್‌ಗೆ ತಂದು, ಅಲ್ಲಿ ಸ್ಥಿರ ಸುರುಳಿಗಳಿಂದ ಸೋಸುತ್ತವೆ.