ಲೇಬಲ್ ಇಲ್ಲದ ವಿಡಿಯೊ ನಿಜವೇ?

2021ರಲ್ಲಿ ಕೊರೊನಾ ಎರಡನೇ ಅಲೆ ಜೋರಾಗಿದ್ದಾಗ, ಮೂಗಿಗೆ ಎರಡು ಹನಿ ನಿಂಬೆರಸ ಬಿಟ್ಟುಕೊಂಡರೆ ವೈರಸ್ ಸಾಯುತ್ತದೆ ಎನ್ನುವ ವಿಡಿಯೊ ಹರಿದಾಡಿತ್ತು. ಕೇಂದ್ರ ಸರ್ಕಾರದ ಪಿಐಬಿ ಫ್ಯಾಕ್ಟ್ ಚೆಕ್ ಅದನ್ನು ಸುಳ್ಳು ಎಂದಿತು. ಇಂಥ ವಿಡಿಯೊ ಫೇಸ್‌ಬುಕ್‌ನಲ್ಲಿ ಇದ್ದರೆ ಅದಕ್ಕೆ ಏನಾಗುತ್ತದೆ ಎಂದು ನೋಡೋಣ.

ಯಾವುದು ಸುಳ್ಳು ಎಂದು ಫೇಸ್‌ಬುಕ್ ತಾನೇ ತೀರ್ಮಾನಿಸುವುದಿಲ್ಲ. ಆ ಕೆಲಸವನ್ನು ಹೊರಗಿನ ಫ್ಯಾಕ್ಟ್ ಚೆಕ್ ಸಂಸ್ಥೆಗಳಿಗೆ ಕೊಡುತ್ತದೆ. ಭಾರತದಲ್ಲಿ ಇದು ಮೊದಲು ಶುರುವಾದದ್ದು ನಮ್ಮ ಕರ್ನಾಟಕದಲ್ಲೇ, 2018ರ ವಿಧಾನಸಭಾ ಚುನಾವಣೆಯ ಹೊತ್ತಿಗೆ, ಬೂಮ್ ಸಂಸ್ಥೆಯ ಜೊತೆ. ಜನರು ದೂರು ಕೊಟ್ಟ ಅಥವಾ ಕಂಪ್ಯೂಟರ್ ಅನುಮಾನಿಸಿದ ಪೋಸ್ಟ್‌ಗಳು ಈ ಸಂಸ್ಥೆಗಳ ಮುಂದೆ ಬರುತ್ತವೆ. ಅವರು ವೈದ್ಯರನ್ನು ಕೇಳಿ, ವರದಿ ಬರೆದು, 'ಸುಳ್ಳು', 'ಭಾಗಶಃ ಸುಳ್ಳು', 'ಸಂದರ್ಭ ಬಿಟ್ಟುಹೋಗಿದೆ' ಮುಂತಾದ ದರ್ಜೆ ಕೊಡುತ್ತಾರೆ.

'ಸುಳ್ಳು' ಎಂಬ ದರ್ಜೆ ಬಿದ್ದರೂ ವಿಡಿಯೊ ಸಾಮಾನ್ಯವಾಗಿ ಡಿಲೀಟ್ ಆಗುವುದಿಲ್ಲ. ಪ್ರಾಣಕ್ಕೆ ಅಪಾಯ ತರುವಂಥದ್ದನ್ನು ತೆಗೆಯುವ ನಿಯಮ ಬೇರೆ ಇದೆ. ಉಳಿದವುಗಳಿಗೆ ಎರಡು ಕೆಲಸ ಮಾಡುತ್ತಾರೆ. ಒಂದು, ವಿಡಿಯೊ ಮೇಲೆ ಎಚ್ಚರಿಕೆಯ ಲೇಬಲ್ ಹಾಕಿ ಫ್ಯಾಕ್ಟ್ ಚೆಕ್ ವರದಿಯ ಕೊಂಡಿ ಕೊಡುತ್ತಾರೆ. ಇನ್ನೊಂದು, ಅದನ್ನು ಫೀಡ್‌ನಲ್ಲಿ ಕೆಳಕ್ಕೆ ತಳ್ಳುತ್ತಾರೆ. ಅಂಗಡಿಯವನು ಒಂದು ಸರಕನ್ನು ಮುಂದಿನ ಸಾಲಿನಿಂದ ತೆಗೆದು ಹಿಂದಿನ ಕಪಾಟಿಗೆ ಇಟ್ಟಂತೆ. ಸರಕು ಅಲ್ಲೇ ಇದೆ, ಕಣ್ಣಿಗೆ ಬೀಳುವುದು ಕಡಿಮೆ. ಮತ್ತೆ ಮತ್ತೆ ಸುಳ್ಳು ಹಾಕುವ ಪೇಜ್ ಜಾಹೀರಾತಿನ ಆದಾಯವನ್ನೂ ಕಳೆದುಕೊಳ್ಳಬಹುದು.

ಒಂದು ವರದಿಯಿಂದ ಬಹಳ ದೂರ ಹೋಗಬಹುದು. 2020ರ ಮಾರ್ಚ್‌ನಲ್ಲಿ ಸುಮಾರು 4,000 ವರದಿಗಳ ಆಧಾರದಲ್ಲಿ 4 ಕೋಟಿ ಪೋಸ್ಟ್‌ಗಳ ಮೇಲೆ ಎಚ್ಚರಿಕೆ ಹಾಕಿದ್ದಾಗಿ ಫೇಸ್‌ಬುಕ್ ಹೇಳಿತ್ತು. ಸರಾಸರಿ ಲೆಕ್ಕ ಹಾಕಿದರೆ ಒಂದು ವರದಿಗೆ 10,000 ಪೋಸ್ಟ್. ಅದೇ ವಿಡಿಯೊದ ನಕಲುಗಳನ್ನು ಕಂಪ್ಯೂಟರ್ ಗುರುತಿಸುವುದರಿಂದ ಇದು ಸಾಧ್ಯವಾಗುತ್ತದೆ.

ತೊಂದರೆ ಇರುವುದೂ ಇಲ್ಲೇ. ವಿಡಿಯೊ ಕತ್ತರಿಸಿ, ಮೇಲೆ ಬೇರೆ ದನಿ ಸೇರಿಸಿದರೆ ನಕಲು ಎಂದು ಗೊತ್ತಾಗದೆ ಹೋಗಬಹುದು. ನಮ್ಮ ಮನೆಯಲ್ಲಿ ಉರ್ದು ಮಾತಾಡುತ್ತೇವೆ. ಕನ್ನಡದ ವಿಡಿಯೊ ಒಂದು ಸುಳ್ಳು ಎಂದು ಸಾಬೀತಾದರೂ, ಅದೇ ಮಾತನ್ನು ಇನ್ಯಾರೋ ಉರ್ದುವಿನಲ್ಲಿ ಹೇಳಿದರೆ ಅದು ಹೊಸ ವಿಡಿಯೊ. ಲೇಬಲ್ ಇಲ್ಲದೇ ಬರಬಹುದು. ಡೌನ್‌ಲೋಡ್ ಮಾಡಿ ಅಮ್ಮಿಯ ವಾಟ್ಸಾಪ್‌ಗೆ ಯಾರಾದರೂ ಕಳಿಸಿದರೆ ಫೇಸ್‌ಬುಕ್‌ನ ಲೇಬಲ್ ಅದರ ಜೊತೆ ಬರುವುದಿಲ್ಲ. ವಾಟ್ಸಾಪ್ ಸಂದೇಶಗಳು ಎನ್‌ಕ್ರಿಪ್ಟ್ ಆಗಿರುವುದರಿಂದ ಕಂಪನಿ ಅವನ್ನು ಓದಿ ದರ್ಜೆ ಕೊಡಲಾರದು. ಅಲ್ಲಿ ಕಾಣುವ ಎರಡು ಬಾಣಗಳ ಗುರುತು ಹಲವು ಬಾರಿ ಫಾರ್ವರ್ಡ್ ಆಗಿದೆ ಎಂದಷ್ಟೇ ಹೇಳುತ್ತದೆ, ನಿಜವೋ ಸುಳ್ಳೋ ಎಂದಲ್ಲ.

ಹಾಗಾಗಿ ಲೇಬಲ್ ಇದ್ದರೆ ಯಾರೋ ಪರೀಕ್ಷಿಸಿದ್ದಾರೆ ಎಂದರ್ಥ. ಲೇಬಲ್ ಇಲ್ಲದಿದ್ದರೆ ನಿಜ ಎಂದರ್ಥವಲ್ಲ. ಪರೀಕ್ಷೆ ಇನ್ನೂ ಆಗಿಲ್ಲದಿರಬಹುದು. ಮನೆಮದ್ದಿನ ವಿಡಿಯೊ ಬಂದರೆ ವಿಡಿಯೊವನ್ನಲ್ಲ, ಅದರೊಳಗಿನ ಮಾತನ್ನೇ 'ಫ್ಯಾಕ್ಟ್ ಚೆಕ್' ಎಂಬ ಪದದೊಂದಿಗೆ ಹುಡುಕಿ. ದನಿ, ಭಾಷೆ ಬದಲಾದರೂ ಆ ಮಾತು ಬದಲಾಗಿರುವುದಿಲ್ಲ.