ಹೊರಗೋಡೆಯ ಗಿಲಾವಿಗೆ ಕಟ್ಟುವ ಸಾರುವೆ: ಕೊಳವೆ ಮತ್ತು ಕ್ಲಾಂಪುಗಳ ಎಣಿಕೆ

ಎರಡಂತಸ್ತಿನ ಮನೆಯೊಂದರ ಹೊರಮೈಗೆ ಗಿಲಾವು ಮಾಡಿಸುವಾಗ ಉಕ್ಕಿನ ಕೊಳವೆಗಳ ಸಾರುವೆಗೆ ಬೇಕಾಗುವ ಸಾಮಗ್ರಿಯನ್ನು ಎಣಿಸುವ ಕ್ರಮವನ್ನು ಈ ಲೇಖನದಲ್ಲಿ ವಿವರಿಸಲು ಉದ್ದೇಶಿಸಿದ್ದೇವೆ. ಕೊಳವೆಗಳ ಲೆಕ್ಕ ಸಾಮಾನ್ಯವಾಗಿ ತಪ್ಪುವುದಿಲ್ಲ; ಗೋಡೆಯ ಉದ್ದ ಎತ್ತರಗಳಿಂದಲೇ ಅದು ಹೊರಡುತ್ತದೆ. ತಪ್ಪುವುದು ಕ್ಲಾಂಪುಗಳ ಲೆಕ್ಕ. ಕೊರತೆ ಬಿದ್ದಾಗ ಕೆಲಸವೇನೂ ನಿಲ್ಲುವುದಿಲ್ಲ. ಓರೆಕೊಳವೆಗಳನ್ನು ಬಿಟ್ಟೋ, ಹಗ್ಗದಿಂದ ಬಿಗಿದೋ ಸಾರುವೆಯನ್ನು ನಿಲ್ಲಿಸಿಬಿಡುತ್ತಾರೆ. ಅಪಾಯವಿರುವುದು ಅಲ್ಲಿಯೇ.

ಇಟ್ಟಿಗೆ ಕಟ್ಟುವ ಸಾರುವೆಗೂ ಗಿಲಾವಿನ ಸಾರುವೆಗೂ ಎರಡು ಮುಖ್ಯ ಭೇದಗಳುಂಟು. ಇಟ್ಟಿಗೆ ಕೆಲಸದಲ್ಲಿ ಒಂದೇ ಸಾಲು ಕಂಬ ನೆಟ್ಟು, ಅಡ್ಡಗೋಲಿನ ಇನ್ನೊಂದು ತುದಿಯನ್ನು ಗೋಡೆಯಲ್ಲಿ ಬಿಟ್ಟ ರಂಧ್ರದಲ್ಲಿ ಊರುವುದುಂಟು. ಗಿಲಾವಿಗೆ ಇದು ಸಲ್ಲದು. ಆ ರಂಧ್ರಗಳನ್ನು ಕೊನೆಯಲ್ಲಿ ಮುಚ್ಚಿದಾಗ ಹಳೆಯ ಗಾರೆಗೂ ಹೊಸ ತೇಪೆಗೂ ನಡುವೆ ಕೂದಲೆಳೆಯಂಥ ಬಿರುಕು ಸುತ್ತಲೂ ಏಳುತ್ತದೆ. ಮಳೆಗಾಲದಲ್ಲಿ ಒಳಗೋಡೆಯ ಮೇಲೆ ಸಾಲಾಗಿ ಕಾಣುವ ತೇವದ ಮಚ್ಚೆಗಳಿಗೆ ಅನೇಕ ವೇಳೆ ಇದೇ ಮೂಲ. ಆದಕಾರಣ ಗೋಡೆಯನ್ನು ಆಶ್ರಯಿಸದೆ ನಿಲ್ಲುವ ಎರಡು ಸಾಲಿನ ಸಾರುವೆಯೇ ಬೇಕು. ಎರಡನೆಯ ಭೇದವೆಂದರೆ, ಇಟ್ಟಿಗೆಯ ಸಾರುವೆ ಗೋಡೆಯೊಡನೆ ಮೇಲೇರುತ್ತದೆ. ಗಿಲಾವಾದರೋ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಹೀಗಾಗಿ ಕೆಲಸದ ಮೊದಲ ದಿನವೇ ಸಾರುವೆಯ ಪೂರ್ಣ ಚೌಕಟ್ಟು ಎದ್ದು ನಿಂತಿರಬೇಕು. ಕೆಲಸದೊಡನೆ ಕೆಳಗಿಳಿದು ಬರುವುವು ಹಲಗೆಗಳು, ಅವುಗಳ ನಡುವಣ ಆಧಾರಗಳು ಮತ್ತು ಕೈತಡೆಗಳು ಮಾತ್ರ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಗೋಡೆಯ ಉದ್ದ 11 ಮೀಟರ್. ನೆಲದಿಂದ ಕೈಪಿಡಿಗೋಡೆಯ ನೆತ್ತಿಯವರೆಗೆ ಎತ್ತರ 7.5 ಮೀಟರ್. ಮೇಲಂತಸ್ತಿನಲ್ಲಿ ಮೂರು ಕಿಟಕಿಗಳಿವೆ. ಅವಕ್ಕೆ ಗ್ರಿಲ್ ಇನ್ನೂ ಕೂರಿಸಿಲ್ಲ, ಸಜ್ಜಾ ಇಲ್ಲ. ನಿಂತು ಗಾರೆ ಮೆತ್ತುವವನ ಕೈಗೆ ಅನುಕೂಲವಾಗಿ ಎಟಕುವುದು ಸುಮಾರು 1.9 ಮೀಟರ್ ಎತ್ತರ. ಆದ್ದರಿಂದ ಹಲಗೆಗಳ ಮಟ್ಟಗಳನ್ನು 1.9, 3.8 ಮತ್ತು 5.7 ಮೀಟರಿಗೆ ಇಡುತ್ತೇವೆ. ಕಂಬಗಳ ನಡುವಣ ಅಂತರವೂ 1.9 ಮೀಟರ್ ಇರಲಿ. ಆರು ಅಂಕಣಗಳಿಗೆ ಏಳು ಜೊತೆ ಕಂಬಗಳು, ಒಟ್ಟು 11.4 ಮೀಟರ್, ಅಂದರೆ ಗೋಡೆಯ ಎರಡು ಮೂಲೆಗಳಿಂದಲೂ 20 ಸೆಂಟಿಮೀಟರ್ ಆಚೆಗೆ. ಮೂಲೆಯ ಅಂಚನ್ನು ತೀಡಲು ಇಷ್ಟು ಬೇಕೇ ಬೇಕು. ಒಳಸಾಲು ಗೋಡೆಯಿಂದ 30 ಸೆಂಟಿಮೀಟರ್ ದೂರದಲ್ಲಿಯೂ, ಹೊರಸಾಲು ಅದರಿಂದ ಒಂದು ಮೀಟರ್ ಆಚೆಯೂ ನಿಲ್ಲುತ್ತವೆ.

ಒಳಸಾಲಿನ ನಡುವಣ ಐದು ಕಂಬಗಳಿಗೆ 6 ಮೀಟರಿನ ಒಂದೊಂದು ಕೊಳವೆ ಸಾಕು. ಅವು ಹಲಗೆಯಿಂದ ಹೆಚ್ಚು ಮೇಲೆದ್ದರೆ ಕೈಗೆ ಅಡ್ಡಿಯೇ. ಹೊರಸಾಲಿನ ಏಳಕ್ಕೂ ಒಳಸಾಲಿನ ಎರಡು ತುದಿಗಂಬಗಳಿಗೂ ಕೈತಡೆ ಕಟ್ಟಬೇಕಾದುದರಿಂದ 7 ಮೀಟರ್ ಬೇಕು: ಒಂದರಲ್ಲಿ 4 ಮೀಟರಿನದು ಕೆಳಗೆ 3 ಮೀಟರಿನದು ಮೇಲೆ, ಪಕ್ಕದ್ದರಲ್ಲಿ ಅದರ ತಿರುವುಮುರುವು. ಹೀಗೆ ಮಾಡಿದರೆ ಕೂಡಿಕೆಗಳೆಲ್ಲ ಒಂದೇ ಮಟ್ಟದಲ್ಲಿ ಬೀಳುವುದಿಲ್ಲ.

ಉದ್ದಕ್ಕೆ ಹಾಯುವ ಲೆಡ್ಜರ್ ಕೊಳವೆಗಳು ಮೂರು ಹಲಗೆಮಟ್ಟಗಳಲ್ಲಿ ಮತ್ತು ಬುಡದಲ್ಲಿ, ಎರಡು ಸಾಲಿಗೂ ಸೇರಿ ಎಂಟು ಗೆರೆ. ಪ್ರತಿ ಗೆರೆಗೆ 6 ಮೀಟರಿನ ಎರಡು ಕೊಳವೆಗಳು. ಇಲ್ಲಿ ಒಂದು ಸೂಕ್ಷ್ಮವಿದೆ. 12 ಮೀಟರನ್ನು ಎರಡು ಕಡೆಗೂ ಸಮವಾಗಿ ಚಾಚಿದರೆ ನಡುವಣ ಕೂಡಿಕೆ ಸರಿಯಾಗಿ ನಾಲ್ಕನೆಯ ಕಂಬದ ಮೇಲೆಯೇ ಬಂದು ಕೂರುತ್ತದೆ; ಕೂಡಿಸುವ ಸ್ಲೀವಿಗೂ ಕಂಬದ ಕ್ಲಾಂಪಿಗೂ ಒಂದೇ ಜಾಗದಲ್ಲಿ ಎಡೆಯಿಲ್ಲ. ಒಂದು ತುದಿಯಲ್ಲಿ 50, ಇನ್ನೊಂದರಲ್ಲಿ 10 ಸೆಂಟಿಮೀಟರ್ ಹೊರಗೆ ಬಿಟ್ಟರೆ ಕೂಡಿಕೆ ಕಂಬದಿಂದ 20 ಸೆಂಟಿಮೀಟರ್ ಸರಿಯುತ್ತದೆ. ಮುಂದಿನ ಗೆರೆಯಲ್ಲಿ ತುದಿಗಳನ್ನು ಅದಲುಬದಲು ಮಾಡಬೇಕು. ಅಂಕಣದ ನಡುಮಧ್ಯದಲ್ಲಿ ಮಾತ್ರ ಕೂಡಿಕೆ ಎಂದಿಗೂ ಬರಬಾರದು; ಅಲ್ಲಿ ಅದು ಬಾಗುವಿಕೆಯನ್ನು ತಡೆಯಲಾರದು.

ಇನ್ನು ಕ್ಲಾಂಪುಗಳ ಮಾತು. ಕ್ಲಾಂಪನ್ನು ಕೊಳವೆಯ ಉದ್ದದಿಂದಲ್ಲ, ಕೊಳವೆಗಳು ಸಂಧಿಸುವ ಸ್ಥಾನಗಳಿಂದ ಎಣಿಸಬೇಕು. 14 ಕಂಬಗಳು 4 ಮಟ್ಟಗಳಲ್ಲಿ ಲೆಡ್ಜರನ್ನು ಸಂಧಿಸುತ್ತವೆ: 56. ಪ್ರತಿ ಜೊತೆ ಕಂಬಕ್ಕೂ ಪ್ರತಿ ಮಟ್ಟದಲ್ಲಿ ಒಂದೂವರೆ ಮೀಟರಿನ ಅಡ್ಡಕೊಳವೆ ಒಂದು, ಅಂದರೆ 28. ಹಲಗೆ ಬಾಗದಂತೆ ಅಂಕಣದ ನಡುವೆ ಇನ್ನೂ 6, ಇವು ಕೆಲಸ ನಡೆಯುವ ಮಟ್ಟಕ್ಕೆ ಮಾತ್ರ. ಈ 34ಕ್ಕೆ ತಲಾ ಎರಡರಂತೆ 68. ಹೊರಸಾಲಿನ ಎರಡು ಗೆರೆ ಕೈತಡೆಗಳಿಗೂ ತುದಿಗಳ ತಡೆಗಳಿಗೂ ಸೇರಿ 22. ಮೂರು ಕಿಟಕಿಗಳ ಮೂಲಕ ಸಾರುವೆಯನ್ನು ಗೋಡೆಗೆ ಕಟ್ಟಲು, ತಲಾ ನಾಲ್ಕರಂತೆ 12. ಲಂಬಕೋನದ ಕ್ಲಾಂಪುಗಳು ಹೀಗೆ 158 ಆದುವು.

ಓರೆಕೊಳವೆಗಳಿಗೆ ತಿರುಗುವ ಕ್ಲಾಂಪುಗಳೇ ಬೇಕು. ಹೊರಮುಖದಲ್ಲಿ ಬುಡದಿಂದ ನೆತ್ತಿಗೆ 45 ಅಂಶದ ಎರಡು ಓರೆಗಳು, ತಲಾ ನಾಲ್ಕು ಕಂಬಗಳನ್ನು ಹಾಯುತ್ತವೆ: 8. ಒಳಸಾಲಿನಿಂದ ಹೊರಸಾಲಿಗೆ, ಒಂದು ಬಿಟ್ಟು ಒಂದು ಜೊತೆಗಂಬದಲ್ಲಿ, ಮೂರು ಮಟ್ಟಗಳಲ್ಲಿ ಹನ್ನೆರಡು ಓರೆಗಳು: 24. ಒಟ್ಟು 32. ಉದ್ದಕ್ಕೆ ಕೂಡಿಸುವ ಸ್ಲೀವುಗಳು 21. ಎಲ್ಲ ಬಗೆಯವೂ ಸೇರಿ 211. ಕೊಳವೆಯ ಒಟ್ಟು ಉದ್ದ 345 ಮೀಟರ್. ಕಂಬಗಳ ಬುಡಕ್ಕೆ 14 ತಟ್ಟೆಗಳು, ಅವುಗಳಡಿ ಹಲಗೆಯ ತುಂಡುಗಳು. ಮೀಟರಿಗೆ ಸುಮಾರು 3.6 ಕಿಲೋ ತೂಗುವ 48.3 ಮಿಲಿಮೀಟರ್ ಹೊರವ್ಯಾಸದ ಕೊಳವೆಯಾದರೆ ಕೊಳವೆಗಳದೇ ಒಂದೂಕಾಲು ಟನ್ನು ಭಾರ.

ಕೊಳವೆಯೊಂದಕ್ಕೆ ಎರಡು ಕ್ಲಾಂಪು ಎಂದು ಅಂದಾಜು ಮಾಡುವವರು 345 ಮೀಟರನ್ನು 6 ಮೀಟರಿನ 58 ಕೊಳವೆಗಳೆಂದು ಬಗೆದರೆ 116 ತರಿಸುವರು. ಹೆಚ್ಚು ಕಡಿಮೆ ಅರ್ಧದಷ್ಟು ಕೊರತೆ ಬೀಳುವುದು. ಅದೇ ಸೂತ್ರವನ್ನು ಕೊಳವೆಯ ತುಂಡುಗಳಿಗೆ ಅನ್ವಯಿಸಿದರೆ, ನಮ್ಮ ಉದಾಹರಣೆಯಲ್ಲಿ ತುಂಡುಗಳು 106 ಆದುದರಿಂದ, 212 ಎಂದು ಬರುತ್ತದೆ. ಇಷ್ಟು ಹತ್ತಿರ ಬಂದದ್ದು ಬಹುಮಟ್ಟಿಗೆ ಯೋಗಾಯೋಗವೇ. ಮೇಲಾಗಿ ಅದು ಬಗೆಗಳನ್ನು ಹೇಳುವುದಿಲ್ಲ. 211 ಲಂಬಕೋನದ ಕ್ಲಾಂಪುಗಳನ್ನು ತರಿಸಿದವನ ಬಳಿ ಓರೆಗಳಿಗೆ ಒಂದೂ ಇರುವುದಿಲ್ಲ. ಮರೆ ಸವೆದ, ನಟ್ಟು ತುಕ್ಕುಹಿಡಿದ ಕ್ಲಾಂಪುಗಳು ಬಾಡಿಗೆಯ ಸಾಮಗ್ರಿಯಲ್ಲಿ ಇದ್ದೇ ಇರುವುದರಿಂದ ಪ್ರತಿ ಬಗೆಯಲ್ಲಿಯೂ ಹತ್ತಕ್ಕೊಂದನ್ನು ಹೆಚ್ಚಾಗಿ ತರಿಸುವುದು ಲೇಸು.

ಯಾವುದು ಕಡಿಮೆಯಾಗಿದೆಯೆಂಬುದನ್ನು ನಿಂತ ಸಾರುವೆಯೇ ತಿಳಿಸುತ್ತದೆ. ಮೇಲಿನ ಹಲಗೆಯ ಮೇಲೆ ಒಬ್ಬನು ನಡೆದಾಗ ಅದು ಗೋಡೆಯ ಉದ್ದಕ್ಕೆ ಓಲಾಡಿದರೆ ಹೊರಮುಖದ ಓರೆಗಳು ಇಲ್ಲ, ಇಲ್ಲವೆ ಸಡಿಲವಾಗಿವೆ. ಗೋಡೆಯ ಕಡೆಗೂ ಹೊರಕ್ಕೂ ತೂಗಿದರೆ ಕಿಟಕಿಯ ಕಟ್ಟುಗಳನ್ನು ನೋಡಬೇಕು. ಈ ಕಟ್ಟಿನಲ್ಲಿ ಕಿಟಕಿಗಿಂತ ಉದ್ದವಾದ ಎರಡು ಕೊಳವೆಗಳು, ಒಂದು ಒಳಗೂ ಒಂದು ಹೊರಗೂ, ಗೋಡೆಯನ್ನು ಇಕ್ಕಳದಂತೆ ಹಿಡಿಯುತ್ತವೆ. ಹೊರಗಿನದರ ಹಿಂದೆ ಗಿಲಾವು ಮಾಡುವಾಗ ಅದನ್ನು ತೆಗೆಯದೆ ಗತ್ಯಂತರವಿಲ್ಲ. ಆದರೆ ಒಮ್ಮೆಗೆ ಒಂದು ಕಿಟಕಿಯದನ್ನು ಮಾತ್ರ ತೆಗೆದು, ಉಳಿದೆರಡು ಬಿಗಿಯಾಗಿರುವುವೆಂದು ನೋಡಿಕೊಳ್ಳಬೇಕು. ನಡೆದಾಡಲು ತೊಡಕೆಂದು ಅಡ್ಡ ಓರೆಗಳನ್ನು ಕಳಚುವುದು ಇನ್ನೊಂದು ರೂಢಿ. ಮೇಲಿನ ಮಟ್ಟದ ಕೆಲಸ ಮುಗಿದು, ಆ ಮಟ್ಟವನ್ನೇ ಬಿಚ್ಚುವ ವೇಳೆಗಷ್ಟೇ ಇದಕ್ಕೆ ಅವಕಾಶ ಕೊಡಬಹುದು.

ಕಿಟಕಿಗಳ ಮೇಲೆ ಸಜ್ಜಾಗಳಿದ್ದರೆ ಒಳಸಾಲಿನ ಲೆಡ್ಜರ್ ಅವುಗಳಿಗೆ ತಾಕುತ್ತದೆ. ಆಗ ಒಳಸಾಲನ್ನೇ ಸಜ್ಜಾದ ಆಚೆಗಿಟ್ಟು, ಅಡ್ಡಕೊಳವೆಗಳನ್ನು ಉದ್ದ ಮಾಡಿ, ಅವುಗಳ ಚಾಚಿದ ತುದಿಗಳ ಮೇಲೆ ಒಂದೆರಡು ಹಲಗೆ ಹಾಸಬೇಕಾಗುವುದು. ಕ್ಲಾಂಪುಗಳ ಎಣಿಕೆ ಹೆಚ್ಚು ಬದಲಾಗದು. ಆದರೆ ಒಂದೂವರೆ ಮೀಟರಿನ ತುಂಡುಗಳು ಸಾಲವು, ಎರಡು ಮೀಟರಿನವು ಬೇಕು.