ಒಂದಕ್ಕೆ ಅವಸರ, ಇನ್ನೊಂದಕ್ಕೆ ಏಳನೇ ತಿಂಗಳು

ಬಸುರಿಯರಿಗೆ ಕೊಡುವ ಚುಚ್ಚುಮದ್ದನ್ನು ನಮ್ಮಲ್ಲಿ ಇಂದಿಗೂ ‘ಟಿಟಿ’ ಎಂದೇ ಕರೆಯುತ್ತಾರೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಈಗ ಕೊಡುವುದು ಟಿಡಿ. ಅದು ಧನುರ್ವಾಯುವಿನ ಜೊತೆಗೆ ಗಂಟಲಮಾರಿಯನ್ನೂ ತಡೆಯುತ್ತದೆ. ಇದನ್ನು ಬೇಗ ಹಾಕಿಸಿಕೊಳ್ಳಿ ಎನ್ನುವ ವೈದ್ಯರೇ ನಾಯಿಕೆಮ್ಮಿನ ಲಸಿಕೆಗೆ ಏಳನೇ ತಿಂಗಳವರೆಗೆ ಕಾಯಲು ಹೇಳುತ್ತಾರೆ.

ಧನುರ್ವಾಯುವಿನ ರೋಗಾಣು ಮಣ್ಣು, ಸಗಣಿಗಳಲ್ಲಿರುತ್ತದೆ. ಹೊಕ್ಕುಳಬಳ್ಳಿಯನ್ನು ಕೊಳೆ ಬ್ಲೇಡಿನಿಂದ ಕೊಯ್ದರೆ ಮಗುವಿನ ಮೈ ಸೇರುತ್ತದೆ. ಚೆನ್ನಾಗಿ ಹಾಲು ಕುಡಿಯುತ್ತಿದ್ದ ಕೂಸು ಕೆಲವೇ ದಿನಗಳಲ್ಲಿ ದವಡೆ ಬಿಗಿದು ಮೊಲೆ ಚೀಪಲಾಗದೆ ಸೆಟೆದುಕೊಳ್ಳುತ್ತದೆ. ಹಿಂದೆಂದೂ ಲಸಿಕೆ ಪಡೆಯದ ತಾಯಿಗೆ ಒಂದೇ ಚುಚ್ಚುಮದ್ದು ಸಾಲದು. ರಕ್ಷಣೆ ಗಟ್ಟಿಯಾಗುವುದು ಎರಡನೆಯದರ ನಂತರ. ನಡುವೆ ನಾಲ್ಕು ವಾರ ಬಿಡಬೇಕು. ಅದಕ್ಕೇ ಅವಸರ.

ಚೊಚ್ಚಲ ಬಸುರಿಯೊಬ್ಬಳು 10ನೇ ವಾರದಲ್ಲಿ ತಾಯಿ ಕಾರ್ಡ್ ಮಾಡಿಸಿದಳು ಎನ್ನೋಣ. ಅಂದೇ ಮೊದಲ ಟಿಡಿ, 14ನೇ ವಾರಕ್ಕೆ ಎರಡನೆಯದು. ಮೂರು ವರ್ಷದೊಳಗೆ ಮತ್ತೆ ಬಸುರಿಯಾದರೆ ಒಂದೇ ಬೂಸ್ಟರ್ ಸಾಕು. ಹಳೆಯ ಕಾರ್ಡನ್ನು ಜೋಪಾನವಾಗಿಡಿ ಎನ್ನುವುದು ಇದಕ್ಕೇ. ಇವೆಲ್ಲ 36ನೇ ವಾರದೊಳಗೆ ಮುಗಿದರೆ ಒಳ್ಳೆಯದು. ಏನೂ ಹಾಕಿಸಿಕೊಳ್ಳದೆ ಹೆರಿಗೆ ನೋವಿನಲ್ಲೇ ಬಂದವಳಿಗೂ ಟಿಡಿ ಕೊಡುತ್ತಾರೆ.

ನಾಯಿಕೆಮ್ಮಿನ ಲೆಕ್ಕವೇ ಬೇರೆ. ಮಗುವಿನ ಸ್ವಂತ ಲಸಿಕೆ ಶುರುವಾಗುವುದು ಒಂದೂವರೆ ತಿಂಗಳಿಗೆ. ಅಪಾಯ ಹೆಚ್ಚಿರುವುದು ಅದಕ್ಕೂ ಮೊದಲೇ. ಎಳೆಗೂಸು ಕೆಮ್ಮದೆಯೂ ಇರಬಹುದು. ಉಸಿರು ನಿಂತು ತುಟಿ ನೀಲಿಗಟ್ಟಿದಾಗಲೇ ಮನೆಯವರಿಗೆ ಗೊತ್ತಾಗುವುದುಂಟು. ಆ ವಾರಗಳಿಗೆ ತಾಯಿಯಿಂದ ಬಂದ ಪ್ರತಿಕಾಯಗಳೇ ಕಾವಲು. ಚುಚ್ಚಿದ ಮೇಲೆ ಅವು ತಾಯಿಯ ರಕ್ತದಲ್ಲಿ ತುಂಬಿಕೊಳ್ಳಲು ಸುಮಾರು ಎರಡು ವಾರ ಬೇಕು. ಮಾಸು ಅವನ್ನು ಮಗುವಿಗೆ ಹೆಚ್ಚಾಗಿ ದಾಟಿಸುವುದು ಕೊನೆಯ ತಿಂಗಳುಗಳಲ್ಲಿ. ಹೀಗಾಗಿ 27ರಿಂದ 36ನೇ ವಾರ, ಅದರಲ್ಲೂ ಮೊದಲ ಭಾಗ, ಸರಿಯಾದ ಕಾಲ. ಬ್ರಿಟನ್ನಿನಲ್ಲಿ 16ನೇ ವಾರದಿಂದಲೇ ಕೊಡುತ್ತಾರೆ. ದಿನ ತುಂಬುವ ಮೊದಲೇ ಹುಟ್ಟುವ ಮಕ್ಕಳಿಗೂ ಅದು ಸಿಗಲಿ ಎಂದು.

ಈ ಪ್ರತಿಕಾಯಗಳು ಬೇಗ ಇಳಿದುಹೋಗುವುದರಿಂದ ಹಿಂದಿನ ಬಸಿರಿನಲ್ಲಿ ಹಾಕಿಸಿಕೊಂಡದ್ದು ಈ ಮಗುವಿಗೆ ಬಾರದು. ಪ್ರತಿ ಬಸಿರಿಗೂ ಹೊಸದಾಗಿ ಬೇಕು. ಟಿಡ್ಯಾಪ್ ಎಂಬ ಈ ಲಸಿಕೆ ನಮ್ಮ ಸರ್ಕಾರಿ ಪಟ್ಟಿಯಲ್ಲಿಲ್ಲ. ಖಾಸಗಿಯಾಗಿ ದುಡ್ಡು ಕೊಟ್ಟು ಹಾಕಿಸಿಕೊಳ್ಳಬೇಕು. ಬಡವರ ಮನೆಯ ಕೂಸಿಗೇ ಹೆಚ್ಚು ಬೇಕಾದದ್ದು ಹೀಗೆ ಕೈಗೆಟುಕದಿರುವುದು ನನಗಂತೂ ಸರಿಕಾಣದು. ಧನುರ್ವಾಯು, ಗಂಟಲಮಾರಿಯ ಅಂಶಗಳೂ ಇದರಲ್ಲಿರುವುದರಿಂದ ಎರಡನೇ ಟಿಡಿಯ ಬದಲು ಇದನ್ನೇ ಕೊಡುವ ವೈದ್ಯರಿದ್ದಾರೆ.

ಫ್ಲೂ ಚುಚ್ಚುಮದ್ದಿಗೆ ತಿಂಗಳಿನ ಹಂಗಿಲ್ಲ, ಫ್ಲೂ ಹರಡುವ ಕಾಲಕ್ಕೆ ಮೊದಲಾದರೆ ಸಾಕು. ರುಬೆಲ್ಲಾ ತಡೆಯುವ ಎಂಎಂಆರ್‌ನಲ್ಲಿ ಜೀವಂತ ವೈರಾಣು ಇರುವುದರಿಂದ ಬಸಿರಿನಲ್ಲಿ ಕೊಡುವುದಿಲ್ಲ. ಅದನ್ನು ಬಸುರಿಯಾಗುವ ತಿಂಗಳಿಗೆ ಮೊದಲೇ ಮುಗಿಸಬೇಕು, ಇಲ್ಲವೇ ಬಾಣಂತನದಲ್ಲಿ ಹಾಕಿಸಿಕೊಳ್ಳಬೇಕು.